ಬಾಕಿ ಟಿಕೆಟ್ ಅರ್ಧಕ್ಕೆ ಇಳಿಸಲು ಇನ್ನೆಷ್ಟು ಜನ ಬೇಕು?

ಪ್ರಶ್ನೆ: ನಮ್ಮ ಸಪೋರ್ಟ್ ಡೆಸ್ಕಿಗೆ ದಿನಕ್ಕೆ ಸುಮಾರು 50 ಟಿಕೆಟ್ ಬರುತ್ತವೆ. ಯಾವಾಗ ನೋಡಿದರೂ 200 ಬಾಕಿ ಇರುತ್ತವೆ. ರಿಪೋರ್ಟಿನಲ್ಲಿ ಸರಾಸರಿ ಸಮಯ ಒಂದೂವರೆ ದಿನ ಎಂದಿದೆ. ಲಿಟಲ್ ನಿಯಮ ಬಳಸಿ, ಬಾಕಿಯನ್ನು ಅರ್ಧಕ್ಕೆ ಇಳಿಸಲು ಇನ್ನೆಷ್ಟು ಜನ ಬೇಕೆಂದು ಲೆಕ್ಕ ಹಾಕುವುದು ಹೇಗೆ?

ಉತ್ತರ:

ಆ ಲೆಕ್ಕವನ್ನು ನಾನು ಹಾಕಿದ್ದೇನೆ. ಹಾಕಿ, ಮ್ಯಾನೇಜರ್ ಮುಂದೆ ಇಟ್ಟು, ಇಬ್ಬರನ್ನು ಮೂರು ತಿಂಗಳ ಗುತ್ತಿಗೆಯ ಮೇಲೆ ಸೇರಿಸಿಕೊಂಡೆ. 120 ಇದ್ದ ಬಾಕಿ 110ಕ್ಕೆ ಇಳಿದು ಅಲ್ಲಿಯೇ ನಿಂತಿತು. ಅವರ ಗುತ್ತಿಗೆ ಮುಗಿದ ಎರಡೇ ವಾರಕ್ಕೆ ಮತ್ತೆ 120.

ಆಗ ನಾನು ಬೆಂಗಳೂರಿನ ಒಂದು ಕಂಪನಿಯಲ್ಲಿ ಐದು ಜನರ ಸಪೋರ್ಟ್ ಟೀಮ್ ನೋಡಿಕೊಳ್ಳುತ್ತಿದ್ದೆ. ಅಂಗಡಿಗಳಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಕೊಡುವ ಕಂಪನಿ ಅದು. ದಿನಕ್ಕೆ 40 ಟಿಕೆಟ್ ಬರುತ್ತಿದ್ದವು, ಸರಾಸರಿ 120 ತೆರೆದೇ ಇರುತ್ತಿದ್ದವು, ರಿಪೋರ್ಟ್ ಮಾತ್ರ ಸರಾಸರಿ ಸಮಯ ಒಂದು ದಿನ ಎನ್ನುತ್ತಿತ್ತು. ನಿಮ್ಮ ಅಂಕಿಗಳನ್ನು ಓದಿದಾಗ ನನ್ನ ಹಳೆಯ ಪರದೆಯೇ ಕಣ್ಣಿಗೆ ಬಂತು.

ನಿಯಮ ಹೇಳುವುದು ಇಷ್ಟೇ: L = λW. ಒಳಗಿರುವ ಟಿಕೆಟ್‌ಗಳ ಸರಾಸರಿ ಸಂಖ್ಯೆ L, ಬರುವ ದರ λ, ಒಂದು ಟಿಕೆಟ್ ಒಳಗೆ ಕಳೆಯುವ ಸರಾಸರಿ ಸಮಯ W. ಜಾನ್ ಲಿಟಲ್ ಇದನ್ನು 1961ರಲ್ಲಿ ಸಾಧಿಸಿ ಪ್ರಕಟಿಸಿದರು. ಇದು ಏಕೆ ನಿಜ ಎಂಬುದನ್ನು ಕಾಗದದ ಮೇಲೆಯೇ ಕಾಣಬಹುದು. ಬೆಳಿಗ್ಗೆ ಒಂಬತ್ತರಿಂದ ಮಧ್ಯಾಹ್ನ ಒಂದರವರೆಗೆ, ನಾಲ್ಕು ಗಂಟೆಯಲ್ಲಿ, ಐದು ಟಿಕೆಟ್ ಬಂದು ಐದೂ ಮುಗಿದವು ಎನ್ನೋಣ. ಅವು ಒಳಗಿದ್ದದ್ದು ಕ್ರಮವಾಗಿ ಒಂದು, ಎರಡು, ಅರ್ಧ, ಮೂರು ಮತ್ತು ಒಂದೂವರೆ ಗಂಟೆ. ಒಳಗಿದ್ದಷ್ಟು ಹೊತ್ತು ಪ್ರತಿ ಟಿಕೆಟ್ ಗಂಟೆಗೆ ಒಂದು ರೂಪಾಯಿ ಬಾಡಿಗೆ ಕೊಡುತ್ತದೆ ಎಂದುಕೊಳ್ಳಿ. ಒಟ್ಟು ಎಂಟು ರೂಪಾಯಿ. ಟಿಕೆಟ್‌ಗಳ ಮೇಲೆ ಹಂಚಿದರೆ ತಲಾ 1.6 ಗಂಟೆ, ಅದು W. ಗಂಟೆಗಳ ಮೇಲೆ ಹಂಚಿದರೆ ಯಾವ ಹೊತ್ತಿಗೂ ಸರಾಸರಿ ಎರಡು ಟಿಕೆಟ್, ಅದು L. ಬರುವ ದರ ಗಂಟೆಗೆ 1.25, ಅದನ್ನು 1.6ರಿಂದ ಗುಣಿಸಿದರೆ ಎರಡು. ಅದೇ ಎಂಟು ರೂಪಾಯಿಯನ್ನು ಎರಡು ಬಗೆಯಲ್ಲಿ ಎಣಿಸಿದ್ದೇವೆ, ಅಷ್ಟೇ. ಯಾರನ್ನು ಮೊದಲು ನೋಡಿದಿರಿ, ಎಷ್ಟು ಜನ ಕೂತಿದ್ದರು, ಟಿಕೆಟ್‌ಗಳು ಒಟ್ಟಿಗೆ ಬಂದವೋ ಬಿಡಿಬಿಡಿಯಾಗಿ ಬಂದವೋ ಎಂಬುದರ ಗೊಡವೆ ಅದಕ್ಕಿಲ್ಲ.

ಈಗ ನನ್ನ ತಪ್ಪಿಗೆ ಬರುತ್ತೇನೆ. ದಿನಕ್ಕೆ 40 ಬಂದು, ತಲಾ ಒಂದು ದಿನ ಒಳಗಿದ್ದರೆ, ಬಾಕಿ 40 ಇರಬೇಕು. ಪರದೆಯ ಮೇಲೆ ಇದ್ದದ್ದು 120. ಈ 80ರ ಅಂತರವನ್ನು ಕಂಡು ‘ಇದು ಹಳೆಯ ಹೊರೆ, ಕೈ ಸಾಲದೆ ಉಳಿದದ್ದು, ಇನ್ನಿಬ್ಬರು ಬಂದರೆ ಕರಗುತ್ತದೆ’ ಎಂದು ತೀರ್ಮಾನಿಸಿಬಿಟ್ಟೆ. ಮೂರು ಅಂಕಿಗಳು ಒಂದಕ್ಕೊಂದು ಹೊಂದದಿದ್ದರೆ ಸಂಶಯ ಪಡಬೇಕಾದದ್ದು ಅಂಕಿಗಳ ಮೇಲೆ. ನಾನು ಜನರ ಮೇಲೆ ಪಟ್ಟೆ.

ಗುತ್ತಿಗೆಯವರು ಹೋದ ಮೇಲೆ ಒಂದು ಟಿಕೆಟ್ಟನ್ನು ತೆರೆದು ಮೊದಲಿನಿಂದ ಕೊನೆಯವರೆಗೆ ಓದಿದೆ. ಸೋಮವಾರ ಬೆಳಿಗ್ಗೆ ಹತ್ತಕ್ಕೆ ಒಬ್ಬ ಕಿರಾಣಿ ಅಂಗಡಿಯವರು ‘ಬಿಲ್ ಪ್ರಿಂಟ್ ಆಗುತ್ತಿಲ್ಲ’ ಎಂದು ಬರೆದಿದ್ದರು. ಹತ್ತೂ ನಲವತ್ತಕ್ಕೆ ನಮ್ಮ ಹುಡುಗ ‘ನಿಮ್ಮಲ್ಲಿರುವುದು ಯಾವ ಆವೃತ್ತಿ? ಸ್ಕ್ರೀನ್‌ಶಾಟ್ ಕಳುಹಿಸಿ’ ಎಂದು ಉತ್ತರಿಸಿ, ಟಿಕೆಟ್ಟನ್ನು ‘ಗ್ರಾಹಕರ ಉತ್ತರಕ್ಕಾಗಿ’ ಎಂಬ ಸ್ಥಿತಿಗೆ ತಳ್ಳಿದ್ದ. ಅಂಗಡಿಯವರಿಗೆ ಬಿಡುವಾದದ್ದು ಶುಕ್ರವಾರ ರಾತ್ರಿ, ಬಾಗಿಲು ಹಾಕಿದ ಮೇಲೆ. ಶನಿವಾರ ಬೆಳಿಗ್ಗೆ ಇಪ್ಪತ್ತು ನಿಮಿಷದಲ್ಲಿ ಸಮಸ್ಯೆ ಬಗೆಹರಿಯಿತು. ರಿಪೋರ್ಟಿನಲ್ಲಿ ಈ ಟಿಕೆಟ್ಟಿನ ಸಮಯ: ಒಂದು ಗಂಟೆ. ‘ಗ್ರಾಹಕರ ಉತ್ತರಕ್ಕಾಗಿ’ ಎಂದ ಕೂಡಲೇ ಗಡಿಯಾರ ನಿಲ್ಲುವಂತೆ ಯಾರೋ ಹಿಂದೆ ಹೊಂದಿಸಿಟ್ಟಿದ್ದರು. ಬಾಕಿಯ ಎಣಿಕೆ ಮಾತ್ರ ನಿಂತಿರಲಿಲ್ಲ. ಆ ಐದು ದಿನವೂ ಅದು 120ರಲ್ಲಿ ಒಂದಾಗಿ ಕೂತಿತ್ತು.

ಅಂದರೆ ನನ್ನ Lಗೆ ಒಂದು ಗಡಿ, Wಗೆ ಇನ್ನೊಂದು ಗಡಿ. ನಿಯಮ ನಿಲ್ಲುವುದು ಮೂರೂ ಅಳತೆಗಳು ಒಂದೇ ಬಾಗಿಲ ಒಳಗಿನವಾದಾಗ ಮಾತ್ರ. ಒಳಗೆ ಎಂದು ಎಣಿಸಿದ ಟಿಕೆಟ್ಟಿನ ಗಡಿಯಾರ ಓಡುತ್ತಲೇ ಇರಬೇಕು; ಗಡಿಯಾರ ನಿಲ್ಲಿಸಿದರೆ ಆ ಟಿಕೆಟ್ಟನ್ನು ಎಣಿಕೆಯಿಂದಲೂ ಹೊರಗಿಡಬೇಕು. ಬೇಕಾದರೆ ಗಡಿಯನ್ನು ಚಿಕ್ಕದು ಮಾಡಿಕೊಳ್ಳಿ, ಕಾಯುವ ಕೋಣೆಗೇ ಪ್ರತ್ಯೇಕವಾಗಿ ನಿಯಮ ಹಚ್ಚಿ. ಆಗ λ ಕೂಡ ಆ ಕೋಣೆಗೆ ಬರುವವರ ದರವೇ ಆಗಬೇಕು.

ನಾನು ಹಾಗೆಯೇ ಮಾಡಿದೆ. ಎರಡು ವಾರ ದಿನವೂ ಸಂಜೆ ಐದಕ್ಕೆ ಸ್ಥಿತಿವಾರು ಎಣಿಸಿ ನೋಟ್‌ಬುಕ್ಕಿನಲ್ಲಿ ಬರೆದೆ. ನಮ್ಮ ಕೈಯಲ್ಲಿ ಸರಾಸರಿ 40, ಗ್ರಾಹಕರ ಉತ್ತರಕ್ಕೆ ಕಾಯುತ್ತಿದ್ದವು 80. ದಿನಕ್ಕೆ ಬರುವ 40ರಲ್ಲಿ 16 ಟಿಕೆಟ್ ಆ ಕೋಣೆಗೆ ಹೋಗುತ್ತಿದ್ದವು. 80ನ್ನು 16ರಿಂದ ಭಾಗಿಸಿದರೆ ಐದು ದಿನ. ಆ ಅಂಗಡಿಯವರ ಕಥೆಯೇ ಸರಾಸರಿಯಾಗಿತ್ತು! ಇಡೀ ಡೆಸ್ಕಿನ ನಿಜವಾದ W, 120 ಭಾಗಿಸು 40, ಮೂರು ದಿನ.

ಇಬ್ಬರು ಹೊಸಬರು ಮುಟ್ಟಬಹುದಾಗಿದ್ದದ್ದು ನಮ್ಮ ಕೈಯಲ್ಲಿದ್ದ 40ನ್ನು ಮಾತ್ರ. ಅದನ್ನು ಅವರು 30ಕ್ಕೆ ಇಳಿಸಿದ್ದರು, ಪಾಪ, ಚೆನ್ನಾಗಿಯೇ ಕೆಲಸ ಮಾಡಿದ್ದರು. ಟಿಕೆಟ್ ತೆರೆಯುವ ಫಾರ್ಮಿನಲ್ಲಿ ಆವೃತ್ತಿಯನ್ನು ಸಾಫ್ಟ್‌ವೇರೇ ತಾನಾಗಿ ತುಂಬುವಂತೆ ಮಾಡಿಸಿ, ಸ್ಕ್ರೀನ್‌ಶಾಟ್ ಸೇರಿಸಲು ಒಂದು ಬಟನ್ ಇಡಿಸಿದೆವು. 16 ಇದ್ದದ್ದು ದಿನಕ್ಕೆ ಆರಾಯಿತು. ಆರು ಟಿಕೆಟ್, ಐದು ದಿನ: 30. ಕೈಯಲ್ಲಿದ್ದ 40 ಸೇರಿ ಬಾಕಿ 70ಕ್ಕೆ ಬಂತು, ಹಳೆಯ ಐದೇ ಜನರೊಂದಿಗೆ.

ಆದ್ದರಿಂದ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಎಷ್ಟು ಜನ ಬೇಕು ಎಂಬುದು ಈ ನಿಯಮದಲ್ಲಿ ಇಲ್ಲವೇ ಇಲ್ಲ. ಸೂತ್ರದಲ್ಲಿ ಜನರಿಗೆ ಒಂದು ಅಕ್ಷರವೂ ಇಲ್ಲ. ಒಬ್ಬರು ಹೆಚ್ಚಾದರೆ ಕಾಯುವ ಸಮಯ ಎಷ್ಟು ಇಳಿಯುತ್ತದೆ ಎಂದು ತಿಳಿಯಲು ಕೆಲಸದ ಸಮಯ, ಅದರ ಏರಿಳಿತ, ಜನರ ಮೇಲಿನ ಒತ್ತಡ ಎಲ್ಲವೂ ಬೇಕು, ಅದು ಬೇರೆ ಲೆಕ್ಕ. ಇನ್ನೊಂದು ಮಾತು: ನಿಮ್ಮ ಬಾಕಿ ಸದಾ 200ರಲ್ಲೇ ನಿಂತಿದ್ದರೆ, ದಿನಕ್ಕೆ ಬರುವ 50ನ್ನೂ ನಿಮ್ಮವರು ಮುಗಿಸುತ್ತಿದ್ದಾರೆ ಎಂದರ್ಥ. ಕೈ ನಿಜವಾಗಿ ಸಾಲದಿದ್ದರೆ ಅದು ವಾರದಿಂದ ವಾರಕ್ಕೆ ಬೆಳೆಯುತ್ತಾ ಹೋಗುತ್ತಿತ್ತು. ಹಾಗೆ ಬೆಳೆಯುತ್ತಿದ್ದರೆ ಸರಾಸರಿಗಳು ನೆಲೆ ನಿಲ್ಲುವುದಿಲ್ಲ, ಈ ನಿಯಮವನ್ನು ಹಚ್ಚಲೂ ಬೇಡಿ. ಕಳೆದ ಎರಡು ತಿಂಗಳಲ್ಲಿ ವಾರಕ್ಕೆ ಬಂದದ್ದೆಷ್ಟು, ಮುಗಿದದ್ದೆಷ್ಟು ಎಂದು ಅಕ್ಕಪಕ್ಕ ಬರೆದು ನೋಡಿದರೆ ತಿಳಿಯುತ್ತದೆ.

ನಿಂತಿದೆ ಎಂದಾದರೆ ನಿಮ್ಮ W ಒಂದೂವರೆ ದಿನ ಅಲ್ಲ, ನಾಲ್ಕು ದಿನ. ರಿಪೋರ್ಟನ್ನು ನಂಬಿದರೆ ಬಾಕಿ 75 ಇರಬೇಕಿತ್ತು. ಉಳಿದ 125 ಟಿಕೆಟ್ ಯಾವ ಸ್ಥಿತಿಯಲ್ಲಿ ಕೂತಿವೆ ಎಂದು ಇವತ್ತು ಸಂಜೆ ಎಣಿಸಿ, ನಿಮ್ಮ ಸಾಫ್ಟ್‌ವೇರ್ ಯಾವ ಯಾವ ಸ್ಥಿತಿಯಲ್ಲಿ ಗಡಿಯಾರ ನಿಲ್ಲಿಸುತ್ತದೆ ಎಂದೂ ಸೆಟ್ಟಿಂಗ್ಸ್‌ನಲ್ಲಿ ನೋಡಿ. ಆ ಎರಡನ್ನೂ ಇಲ್ಲಿ ಬರೆಯಿರಿ, ಮುಂದಿನ ಲೆಕ್ಕವನ್ನು ಒಟ್ಟಿಗೆ ಮಾಡೋಣ.