ಕೊನೆಯ ಸಾಲನ್ನು ಅನುವಾದಿಸಬೇಡಿ

ಮಾನ್ಯ ಸಂಪಾದಕರೇ,
ನಮ್ಮ ಶಾಲೆಯ ಹಿರಿಯ ಕನ್ನಡ ಶಿಕ್ಷಕಿ ಈ ತಿಂಗಳ ಕೊನೆಗೆ ನಿವೃತ್ತರಾಗುತ್ತಿದ್ದಾರೆ. ಸಭೆಗೆ ತಮಿಳು, ತೆಲುಗು, ಮಲಯಾಳ ಮಾತನಾಡುವ ಪೋಷಕರೂ ಮೇಡಂ ಅವರ ವಿದೇಶಿ ಅಳಿಯನೂ ಬರುತ್ತಾರೆ. ಮೇಡಂ ಅವರ ಕನ್ನಡ ಭಾಷಣವನ್ನು ಇಂಗ್ಲಿಷಿನಲ್ಲಿ ಹೇಳುವ ಹೊಣೆ ನನ್ನದು. ಕೊನೆಯ ಭಾಗ ಹೀಗಿದೆ: “ನಾನು ಕೈ ಹಿಡಿದು ಅಕ್ಷರ ತಿದ್ದಿಸಿದ ಮಕ್ಕಳು ಇಂದು ನನ್ನ ಕೈ ಹಿಡಿದು ಮೆಟ್ಟಿಲು ಹತ್ತಿಸುತ್ತಿದ್ದಾರೆ. ನಿಮ್ಮ ಋಣ ಈ ಜನ್ಮದಲ್ಲಿ ತೀರದು. ತಿಳಿಯದೆ ತಪ್ಪು ಮಾಡಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ. ಹೋಗಿ ಬರುತ್ತೇನೆ.” ಪದಕ್ಕೆ ಪದ ಇಟ್ಟರೆ ರಾಜೀನಾಮೆ ಪತ್ರ ಓದಿದಂತೆ ಕೇಳುತ್ತದೆ. ಏನು ಮಾಡಲಿ?
— ಓದುಗರೊಬ್ಬರು, ಬೆಂಗಳೂರು

ಸಂಪಾದಕರ ಉತ್ತರ:

ಮೇಡಂ ಅವರ ಮೊದಲ ವಾಕ್ಯವನ್ನು ಎರಡು ಮೂರು ಸಲ ಓದಿದೆ. ಇಡೀ ವಾಕ್ಯ ನಿಂತಿರುವುದು ‘ಕೈ ಹಿಡಿದು’ ಎಂಬ ಮಾತು ಎರಡು ಬಾರಿ ಬಂದಿರುವುದರ ಮೇಲೆ. ಕನ್ನಡದಲ್ಲಿ ‘ಮಕ್ಕಳು’ ಎಂಬ ಪದದ ಮುಂದೆ ಎಷ್ಟು ಉದ್ದದ ವಿಶೇಷಣವನ್ನಾದರೂ ಕಟ್ಟಬಹುದು, ಕೇಳುವವರಿಗೆ ಭಾರವೆನಿಸದು. ಅದೇ ಕಟ್ಟನ್ನು ಇಂಗ್ಲಿಷಿಗೆ ಒಯ್ದರೆ ಎರಡು ಕೈಗಳೂ ದೂರ ದೂರ ಉಳಿದು, ಕೇಳುಗರು ದಾರಿ ತಪ್ಪುತ್ತಾರೆ. ಆದ್ದರಿಂದ ಒಡೆದು ಎರಡು ವಾಕ್ಯ ಮಾಡಿ: ‘ಐ ಹೆಲ್ಡ್ ಯುವರ್ ಹ್ಯಾಂಡ್ ವೈಲ್ ಯು ಟ್ರೇಸ್ಡ್ ಯುವರ್ ಲೆಟರ್ಸ್. ಟುಡೇ ಯು ಹೋಲ್ಡ್ ಮೈನ್ ಆನ್ ದ ಸ್ಟೆಪ್ಸ್.’

ಇಲ್ಲಿ ‘ಟ್ರೇಸ್’ ಎಂದೇ ಇರಲಿ. ‘ತಿದ್ದು’ ಎಂದೊಡನೆ ನಿಘಂಟು ‘ಕರೆಕ್ಟ್’ ಎನ್ನುತ್ತದೆ. ಅದನ್ನು ಕೇಳಿದವರ ಕಣ್ಣಿಗೆ ಕೆಂಪು ಶಾಯಿಯ ಉತ್ತರಪತ್ರಿಕೆ ಬರುತ್ತದೆ. ಮೇಡಂ ಹೇಳುತ್ತಿರುವುದು ಅದಲ್ಲ. ಸ್ಲೇಟಿನ ಮೇಲೆ ದೊಡ್ಡದಾಗಿ ‘ಅ’ ಬರೆದುಕೊಟ್ಟು, ಬಳಪ ಹಿಡಿದ ಪುಟ್ಟ ಬೆರಳುಗಳ ಮೇಲೆ ತಮ್ಮ ಕೈ ಇಟ್ಟು, ಗೆರೆ ದಪ್ಪಗಾಗುವ ತನಕ ಅದರ ಮೇಲೆಯೇ ಮತ್ತೆ ಮತ್ತೆ ಆಡಿಸಿದ ಕೆಲಸ ಅದು.

ಋಣದ ಮಾತಿಗೆ ‘ಡೆಟ್’ ಎಂದು ನೇರವಾಗಿ ಬರೆದರೆ ಬ್ಯಾಂಕಿನ ಸಾಲ ನೆನಪಾಗುತ್ತದೆ. ಪದಕ್ಕಿಂತ ಆ ವಾಕ್ಯದ ದಿಕ್ಕನ್ನು ನೋಡಿ. ಶಿಷ್ಯರು ಗುರುವಿಗೆ ಋಣಿಗಳು ಎಂಬುದು ನಮ್ಮಲ್ಲಿ ವಾಡಿಕೆಯ ಮಾತು. ಮೇಡಂ ಅದನ್ನು ತಿರುಗಿಸಿ, ತಾವೇ ಋಣಿ ಎನ್ನುತ್ತಿದ್ದಾರೆ. ಆ ವಾಡಿಕೆ ಗೊತ್ತಿಲ್ಲದ ಅಳಿಯನಿಗೆ ತಿರುವು ಕಾಣುವುದಿಲ್ಲ. ಹಾಗಾಗಿ ಕನ್ನಡದಲ್ಲಿ ಹೇಳದೆ ಉಳಿದ ಅರ್ಧವನ್ನು ನೀವು ಸೇರಿಸಬೇಕಾಗುತ್ತದೆ: ‘ಯು ಥಿಂಕ್ ಯು ಓ ಮಿ. ಇಟ್ ಈಸ್ ಐ ಹೂ ಓ ಯು, ಮೋರ್ ದ್ಯಾನ್ ಒನ್ ಲೈಫ್ ಕ್ಯಾನ್ ರಿಪೇ.’ ಸೇರಿಸಿದ್ದನ್ನು ಮೊದಲೇ ಮೇಡಂ ಅವರಿಗೆ ಓದಿ ತೋರಿಸಿ, ಅವರು ಒಪ್ಪಿದರೆ ಮಾತ್ರ ಉಳಿಸಿ.

ಕ್ಷಮೆಯ ಸಾಲಿನಲ್ಲಿ ನಾನೇ ಒಮ್ಮೆ ಎಡವಿದ್ದೇನೆ. ಶಿಕ್ಷಕರೊಬ್ಬರ ಬೀಳ್ಕೊಡುಗೆಯಲ್ಲಿ ‘ತಪ್ಪು ಮಾಡಿದ್ದರೆ ಕ್ಷಮಿಸಿ’ ಎಂಬುದನ್ನು ‘ನಾನು ಮಾಡಿದ ತಪ್ಪುಗಳನ್ನು ಕ್ಷಮಿಸಿ’ ಎಂಬ ಅರ್ಥದ ಇಂಗ್ಲಿಷಿನಲ್ಲಿ ಓದಿಬಿಟ್ಟೆ. ಊಟದ ಹೊತ್ತಿಗೆ ಹೊರ ರಾಜ್ಯದ ಪೋಷಕರೊಬ್ಬರು ಹತ್ತಿರ ಬಂದು, ಆ ಮೇಷ್ಟ್ರ ಮೇಲೆ ಏನಾದರೂ ವಿಚಾರಣೆ ನಡೆದಿತ್ತೇ ಎಂದು ಮೆಲ್ಲಗೆ ಕೇಳಿದರು. ನನಗೆ ಇವತ್ತಿಗೂ ಆ ನೋವು ಹೋಗಿಲ್ಲ. ‘ದ್ದರೆ’ ಎಂಬುದನ್ನು ಕೈಬಿಟ್ಟದ್ದಕ್ಕೆ ಒಬ್ಬ ಸಜ್ಜನರ ವಿನಯ ತಪ್ಪೊಪ್ಪಿಗೆಯಾಗಿತ್ತು. ನಿಮ್ಮಲ್ಲಿ ‘ಇಫ್’ ಮೊದಲ ಪದವಾಗಿರಲಿ: ‘ಇಫ್ ಐ ಎವರ್ ಹರ್ಟ್ ಎನಿ ಆಫ್ ಯು ವಿದೌಟ್ ನೋಯಿಂಗ್ ಇಟ್, ಪ್ಲೀಸ್ ಲೆಟ್ ಇಟ್ ಗೋ.’ ಹೊಟ್ಟೆಯನ್ನು ಇಂಗ್ಲಿಷಿಗೆ ತರುವ ಪ್ರಯತ್ನ ಬೇಡ.

ಓದುವ ಕ್ರಮದ ಬಗ್ಗೆ ಒಂದು ಮಾತು. ಕನ್ನಡದ ಕ್ರಿಯಾಪದ ವಾಕ್ಯದ ತುದಿಯಲ್ಲಿ ಬರುವುದರಿಂದ ಮೇಡಂ ಮಾತನಾಡುತ್ತಿರುವಾಗಲೇ ಹಿಂದೆ ಹಿಂದೆ ಹೇಳಿಕೊಂಡು ಹೋಗುವುದು ಕಷ್ಟ. ಒಂದು ಪ್ಯಾರಾ ಅವರು, ಆಮೇಲೆ ಅದರ ಇಂಗ್ಲಿಷ್ ನೀವು. ಇಂಗ್ಲಿಷ್ ಹೆಚ್ಚು ಪದ ಕೇಳುತ್ತದೆ; ‘ಬರಲಾಗದವರಿಗೂ’ ಎಂಬ ಒಂದೇ ಪದಕ್ಕೆ ಅಲ್ಲಿ ಆರೇಳು ಬೇಕು. ಹತ್ತು ನಿಮಿಷದ ಭಾಷಣ ಇಪ್ಪತ್ತನ್ನು ದಾಟುತ್ತದೆ. ಗಣ್ಯರ ಸಂಬೋಧನೆಗಳನ್ನು ನಿಮ್ಮ ಪಾಲಿನಲ್ಲಿ ಬಿಟ್ಟುಬಿಡಿ.

ಇನ್ನು ‘ಹೋಗಿ ಬರುತ್ತೇನೆ.’ ತಮಿಳರು ‘ಪೋಯಿಟ್ಟು ವರೇನ್’ ಎನ್ನುತ್ತಾರೆ, ಮಲಯಾಳಿಗಳು ‘ಪೋಯಿಟ್ಟು ವರಾಂ’, ತೆಲುಗರು ‘ವೆಳ್ಳೊಸ್ತಾನು’. ನಿಮ್ಮ ಸಭೆಯ ಬಹುಪಾಲು ಜನ ಮನೆಯ ಹೊಸ್ತಿಲು ದಾಟುವಾಗ ಆಡುವ ಮಾತೇ ಇದು. ‘ಹೋಗುತ್ತೇನೆ’ ಎಂದು ಮಾತ್ರ ಹೇಳುವುದು ಅವರ ಮನೆಗಳಲ್ಲೂ ಒಳ್ಳೆಯದಲ್ಲ. ಅಲ್ಲಿ ‘ಗುಡ್‌ಬೈ’ ಎಂದರೆ ಮೇಡಂ ಇಟ್ಟುಕೊಂಡ ‘ಬರುತ್ತೇನೆ’ಯನ್ನು ನೀವು ಕಿತ್ತುಕೊಂಡಂತೆ. ಅದಕ್ಕೆ ಮೊದಲಿನ ಪ್ಯಾರಾದ ಇಂಗ್ಲಿಷ್ ಮುಗಿಸುವಾಗಲೇ ಅಳಿಯನಿಗಾಗಿ ಒಂದು ವಾಕ್ಯ ಹೇಳಿಬಿಡಿ: ನಮ್ಮ ಭಾಷೆಗಳಲ್ಲಿ ಹೊರಡುವವರು ಹೋಗುತ್ತೇನೆ ಎನ್ನುವುದಿಲ್ಲ, ಹೋಗಿ ಬರುತ್ತೇನೆ ಎನ್ನುತ್ತಾರೆ, ಮೇಡಂ ಈಗ ಅದನ್ನೇ ಹೇಳಲಿದ್ದಾರೆ ಎಂದು. ಆಮೇಲೆ ಮೈಕನ್ನು ಅವರಿಗೆ ಕೊಡಿ. ಅವರು ಹೇಳಿದ ಮೇಲೆ ಮತ್ತೆ ಕೈಗೆ ತೆಗೆದುಕೊಳ್ಳಬೇಡಿ.