ಮ್ಯಾನೇಜರ್ ಅವರ ಚುಟುಕು ಇಮೇಲ್: ಅಸಮಾಧಾನವೋ, ಬರೆಯುವ ರೂಢಿಯೋ?

ಪ್ರಶ್ನೆ: ನನ್ನ ವರದಿಗೆ ಮ್ಯಾನೇಜರ್ "ನೋಡಿದೆ. 3ನೇ ಪುಟ ಸರಿಪಡಿಸಿ" ಎಂದಷ್ಟೇ ಉತ್ತರಿಸಿದ್ದಾರೆ. ಅವರಿಗೆ ಅಸಮಾಧಾನವಾಗಿದೆಯೇ?

ಉತ್ತರ: ಈ ಒಂದೇ ಇಮೇಲ್‌ನಿಂದ ಅದನ್ನು ತೀರ್ಮಾನಿಸಲಾಗದು, ಅವರು ಹಿಂದೆ ನಿಮಗೂ ಇತರರಿಗೂ ಬರೆದ ಐದಾರು ಇಮೇಲ್‌ಗಳ ಪಕ್ಕದಲ್ಲಿಟ್ಟು ಓದಬೇಕು. ಎಲ್ಲರಿಗೂ ಎರಡೇ ಸಾಲು ಬರೆಯುವವರಾದರೆ ಅದು ಅವರ ರೂಢಿ. ಆದರೆ ಸದಾ ಹೆಸರು ಹಿಡಿದು, ವಂದನೆ ಹೇಳಿ ಬರೆಯುವವರು ನಿಮಗೆ ಮಾತ್ರ ಅದನ್ನು ಕೈಬಿಟ್ಟಿದ್ದರೆ, ಅಥವಾ ನಿಮ್ಮಿಬ್ಬರಲ್ಲೇ ಮುಗಿಯುವ ವಿಷಯಕ್ಕೆ ತಮ್ಮ ಮೇಲಧಿಕಾರಿಯನ್ನೂ ಸೇರಿಸಿದ್ದರೆ, ಆ ಬದಲಾವಣೆಯನ್ನು ಗಂಭೀರವಾಗಿ ಪರಿಗಣಿಸಿ. ನೀವು ತೋರಿಸಿದ ಸಾಲಿನಲ್ಲಿ ಆಕ್ಷೇಪ ಒಂದು ಪುಟಕ್ಕಷ್ಟೇ ಸೀಮಿತವಾಗಿರುವುದರಿಂದ, ನನ್ನ ದೃಷ್ಟಿಯಲ್ಲಿ ಅದು ಕೆಲಸದ ಸೂಚನೆಯೇ. ಅದರಲ್ಲಿರುವ ನಿಜವಾದ ಕೊರತೆಯೆಂದರೆ ಏನನ್ನು ಸರಿಪಡಿಸಬೇಕೆಂದು ಹೇಳದಿರುವುದು, ಆದ್ದರಿಂದ ಅವರ ಮನಸ್ಥಿತಿಯನ್ನು ವಿಚಾರಿಸದೆ, "3ನೇ ಪುಟದಲ್ಲಿ ಅಂಕಿಗಳನ್ನು ತಿದ್ದಬೇಕೇ, ವಿವರಣೆಯನ್ನೇ?" ಎಂದು ಕೇಳಿ.