ಬಿಳಿ ಸಕ್ಕರೆಗೂ ಮೂಳೆ ಇದ್ದಿಲಿಗೂ ಏನು ನಂಟು?

"ಸಾದಾ ಬಿಳಿ ಸಕ್ಕರೆ ಶುದ್ಧ ಮಾಡೋಕೆ ಮೂಳೆ ಬಳಸ್ತಾರಂತೆ, ನಿಜಾನಾ? ಕಟ್ಟಾ ಸಸ್ಯಾಹಾರಿಗಳು ತಿನ್ನಬಹುದಾ?"

ನಿಜ, ಆದರೆ ಎಲ್ಲ ಸಕ್ಕರೆಗೂ ಅಲ್ಲ. ದನದ ಮೂಳೆಯನ್ನು ಗಾಳಿಯಾಡದಂತೆ ಸುಟ್ಟರೆ ಕಪ್ಪು ಹರಳಿನಂಥ ಇದ್ದಿಲು ಸಿಗುತ್ತದೆ. ಕೆಲವು ರಿಫೈನರಿಗಳು ಇದನ್ನು ಎತ್ತರದ ಕೊಳವೆಗಳಲ್ಲಿ ತುಂಬಿ, ಕಚ್ಚಾ ಕಬ್ಬಿನ ಸಕ್ಕರೆ ಕರಗಿಸಿದ ಕಂದು ಪಾಕವನ್ನು ಅದರ ಮೂಲಕ ಹರಿಸುತ್ತವೆ. ಬಣ್ಣ ಇದ್ದಿಲಿಗೆ ಅಂಟಿಕೊಳ್ಳುತ್ತದೆ, ಪಾಕ ತಿಳಿಯಾಗಿ ಕೆಳಗಿಳಿಯುತ್ತದೆ. ಮೂಳೆ ಸಕ್ಕರೆಯೊಳಗೆ ಸೇರುವುದಿಲ್ಲ. ಸೋಸಿದ ಬಟ್ಟೆ ಕಾಫಿಯಲ್ಲಿ ಉಳಿಯುತ್ತದಾ? ಹಾಗೇ.

ಹಾಗಾಗಿ ಪ್ರಶ್ನೆ ತಟ್ಟೆಯಲ್ಲಿ ಏನಿದೆ ಅನ್ನೋದಲ್ಲ, ತಯಾರಿಕೆಯಲ್ಲಿ ಪ್ರಾಣಿಯ ಭಾಗ ಬಳಸಿದ್ದು ನಿಮಗೆ ಒಪ್ಪಿಗೆಯಾ ಅನ್ನೋದು. ಮಾಂಸ ಬಿಟ್ಟರೆ ಸಾಕು ಅನ್ನುವವರು ಇದಕ್ಕೆ ತಲೆ ಕೆಡಿಸಿಕೊಳ್ಳುವುದಿಲ್ಲ. ಹಾಲು ಸೇರಿ ಪ್ರಾಣಿಗಳಿಂದ ಬಂದ ಏನನ್ನೂ ಬಳಸದ ವೀಗನ್‌ಗಳಲ್ಲಿ ಬಹಳಷ್ಟು ಮಂದಿ ಬೇಡ ಅನ್ನುತ್ತಾರೆ. ನನಗೆ ಅವರ ವಾದವೂ ಸರಿ ಅನಿಸುತ್ತದೆ.

ನೋಡಿ, ರುಚಿ ನೋಡಿ ಗುರುತಿಸಲು ಆಗುವುದಿಲ್ಲ. ಕಂದು ಸಕ್ಕರೆ ಕೊಂಡರೂ ಪಾರಾದಂತಲ್ಲ, ಎಷ್ಟೋ ಸಲ ಅದು ಬಿಳಿ ಸಕ್ಕರೆಗೇ ಕಾಕಂಬಿ ಬೆರೆಸಿದ್ದು. ಬೀಟ್ ಸಕ್ಕರೆಗೆ ಮೂಳೆ ಇದ್ದಿಲು ಬಳಸುವುದಿಲ್ಲ. ಕಬ್ಬಿನದಾದರೆ ತಯಾರಕರಿಗೆ ನೇರವಾಗಿ ಕೇಳಿ: "ಬಣ್ಣ ತೆಗೆಯಲು ಏನು ಬಳಸುತ್ತೀರಿ?" ರೆಸಿನ್ ಎಂಬ ಕೃತಕ ಮಣಿಗಳು, ಕಲ್ಲಿದ್ದಲು ಅಥವಾ ತೆಂಗಿನ ಚಿಪ್ಪಿನ ಕಾರ್ಬನ್ ಅಂದರೆ ಚಿಂತೆಯಿಲ್ಲ. ಬರೀ "ಕಾರ್ಬನ್" ಅಂದರೆ ಯಾವುದರದ್ದು ಅಂತ ಮತ್ತೆ ಕೇಳಿ.